ಕಂತು ನಿಂತ ಪಾಲಿಸಿಯ ಬೆಲೆಯೆಷ್ಟು?

ಜೀವವಿಮೆಯ ಕಂತು ಕಟ್ಟುವುದನ್ನು ನಡುವೆಯೇ ಕೈಬಿಡಬಯಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಇದುವರೆಗೆ ಕಟ್ಟಿದ ಹಣದಲ್ಲಿ ಎಷ್ಟು ಕೈಸೇರೀತು? ಆದರೆ ಕಟ್ಟಿದ್ದು ಕಟ್ಟಿ ಆಗಿದೆ. ಇಂದಿನಿಂದ ಮುಂದಕ್ಕೆ ಯಾವುದು ಮೇಲು ಎಂಬುದನ್ನೇ ವಿಚಾರಿಸತಕ್ಕದ್ದು.

ಮುಂಬಯಿಯ ಹೋಟೆಲೊಂದರ ಗಲ್ಲೆಯಲ್ಲಿ ಕೂರುವ ಗೃಹಸ್ಥರೊಬ್ಬರು 5 ಲಕ್ಷ ರೂಪಾಯಿಯ 20 ವರುಷದ ಎಂಡೋಮೆಂಟ್ ಪಾಲಿಸಿ ಮಾಡಿಸಿದ್ದಾರೆಂದು ಭಾವಿಸೋಣ. ವರುಷದ ಕಂತು 26,000 ರೂಪಾಯಿ. ಬೋನಸ್ಸು ವರುಷಕ್ಕೆ 20,000ದಂತೆ ಸೇರುತ್ತಿದೆಯೆನ್ನೋಣ. ಬೋನಸ್ಸಿಗೆ ಖಾತರಿಯಿಲ್ಲವೆಂಬುದು ನೆನಪಿರಲಿ. ಎಂಟು ಕಂತು, ಎಂದರೆ 2,08,000 ರೂಪಾಯಿ ಕಟ್ಟಿದ ಮೇಲೆ ಅವರಿಗೆ ಕೈ ಬಿಗಿಯಾಯಿತು.

ಕಂತು ನಿಲ್ಲಿಸಿ ಸುಮ್ಮನಿದ್ದರೆ ಪಾಲಿಸಿ ಪೇಡ್-ಅಪ್ ಆಗುತ್ತದೆ. ಇಪ್ಪತ್ತರಲ್ಲಿ ಎಂಟು ಪಾಲು, ಅಂದರೆ 2 ಲಕ್ಷ, ವಿಮೆಯ ಮೊತ್ತವಾಗಿ ಉಳಿಯುತ್ತದೆ. ಈಗಾಗಲೇ ಸೇರಿದ 1,60,000ದ ಬೋನಸ್ಸೂ ಉಳಿಯುತ್ತದೆ. ಹೊಸ ಬೋನಸ್ಸು ಸೇರದು. ಒಟ್ಟು 3,60,000. ಆದರೆ ಅದು ದೊರೆಯುವುದು ಇನ್ನು 12 ವರುಷದ ಬಳಿಕ, ಇಲ್ಲವೆ ಮರಣ ಸಂಭವಿಸಿದಲ್ಲಿ. ಪಾಲಿಸಿ ನಡೆಯುತ್ತಿದ್ದಿದ್ದರೆ ಇಂದೇ ಮರಣವಾದರೂ ಕುಟುಂಬಕ್ಕೆ 6,60,000 ಸಲ್ಲುತ್ತಿತ್ತು.

ಸರೆಂಡರ್ ಮಾಡಿದರೆ ಈ 3,60,000ವನ್ನು ಇಂದಿನ ಬೆಲೆಗೆ ಇಳಿಸಿ ಕೊಡುತ್ತಾರೆ. ಶೇಕಡಾ 7.5ರ ದರದಲ್ಲಿ ಇಳಿಸಿದರೆ ಸುಮಾರು 1,51,000. ಕಟ್ಟಿದ್ದಕ್ಕಿಂತ 57,000 ಕಡಿಮೆ, ವಿಮೆಯೂ ಇಲ್ಲ. ಖಾತರಿಯ ಸರೆಂಡರ್ ಮೌಲ್ಯವೆಂಬ ಇನ್ನೊಂದು ಲೆಕ್ಕವೂ ಉಂಟು. ಎರಡರಲ್ಲಿ ಹೆಚ್ಚಿನದು ಸಲ್ಲುತ್ತದೆ.

ಮುಂದುವರಿಸಿದರೆ ಇನ್ನು 3,12,000 ಕಟ್ಟಿ ಕೊನೆಗೆ ಸುಮಾರು 9 ಲಕ್ಷ ಪಡೆಯುತ್ತಾರೆ. ಇಪ್ಪತ್ತು ವರುಷದ ಒಟ್ಟು ಲೆಕ್ಕದಲ್ಲಿ ಇದು ಶೇಕಡಾ 5ರಷ್ಟೇ ಬಡ್ಡಿ. ಏಜೆಂಟರು ಇದನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಆದರೆ ಇಂದು ಬಿಟ್ಟುಕೊಡುವ 1,51,000 ಮತ್ತು ಮುಂದಿನ ಹನ್ನೆರಡು ಕಂತುಗಳನ್ನು ಮಾತ್ರ ಬಂಡವಾಳವೆಂದೆಣಿಸಿದರೆ ಬಡ್ಡಿ ಶೇಕಡಾ 7.8ರ ಸಮೀಪಕ್ಕೆ ಏರುತ್ತದೆ. ಕಮಿಷನ್ನು, ಕಚೇರಿಯ ಖರ್ಚು ಮೊದಲಾದ ಭಾರವೆಲ್ಲ ಆರಂಭದ ವರುಷಗಳಲ್ಲೇ ಸಂದುಹೋಗಿರುವುದು ಇದಕ್ಕೆ ಕಾರಣ. ಎರಡೇ ಕಂತು ಕಟ್ಟಿದವರ ಮಾತು ಬೇರೆ. ಅವರಿಗೆ ಇದೇ ಲೆಕ್ಕದಲ್ಲಿ ಶೇಕಡಾ 6 ಕೂಡ ಗಿಟ್ಟದು. ಅವರು ಬಿಟ್ಟರೆ ಅವಿವೇಕವೆನ್ನಲಾಗದು.

2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದಂತೆ ಒಂದು ಪೂರ್ಣ ವರುಷದ ಕಂತು ಕಟ್ಟಿದವರಿಗೂ, ಆ ವರುಷ ಮುಗಿದ ಮೇಲೆ, ಸರೆಂಡರ್ ಮೌಲ್ಯವುಂಟು. ಹಳೆಯ ಪಾಲಿಸಿಗಳಿಗೆ ಅವುಗಳ ಕರಾರೇ ಪ್ರಮಾಣ. ಅವುಗಳಲ್ಲಿ ಎರಡು ಅಥವಾ ಮೂರು ವರುಷದ ಕಂತು ಪೂರ್ತಿಯಾಗದಿದ್ದರೆ ಕಟ್ಟಿದ್ದೆಲ್ಲ ಹೋದಂತೆಯೇ.

ಬಿಕ್ಕಟ್ಟು ತಾತ್ಕಾಲಿಕವಾದರೆ ಪಾಲಿಸಿಯ ಮೇಲೆ ಸಾಲ ದೊರೆಯುವುದೇ ಎಂದು ಶಾಖೆಯಲ್ಲಿ ಕೇಳಬಹುದು. ನಿಂತ ಪಾಲಿಸಿಯನ್ನು ಅವಧಿಯೊಳಗೆ ಬಡ್ಡಿಸಹಿತ ಬಾಕಿ ಕಟ್ಟಿ ಪುನರುಜ್ಜೀವಿಸಲೂಬಹುದು. ಅದಕ್ಕೆ ಆರೋಗ್ಯದ ಘೋಷಣೆ ಬೇಕಾಗುತ್ತದೆ, ಸಕ್ಕರೆ ಕಾಯಿಲೆ ಹಿಡಿದವರಿಗೆ ಇಲ್ಲಿಯೇ ತೊಡಕು. ಸರೆಂಡರ್ ಅರ್ಜಿಗೆ ಸಹಿ ಹಾಕುವ ಮುನ್ನ ಪೇಡ್-ಅಪ್ ಮೊತ್ತ, ಸೇರಿದ ಬೋನಸ್ಸು, ಅಂದಿನ ಸರೆಂಡರ್ ಮೌಲ್ಯ, ಈ ಮೂರನ್ನೂ ಬರಹದಲ್ಲಿ ಕೇಳಿ ಪಡೆಯಿರಿ.