ಉಬ್ಬಿದ ಬ್ಯಾಟರಿ, ಜಾಬ್‌ಶೀಟಿನ ಒಂದು ಸಾಲು

ಹೊಸ ಮೊಬೈಲಿನ ಪರದೆ ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಮೇಲೆದ್ದಿದೆ. ಮೇಜಿನ ಮೇಲೆ ಅಂಗಾತ ಇಟ್ಟರೆ ನೆಟ್ಟಗೆ ಕೂರದೆ ಬೆರಳು ತಾಗಿದೊಡನೆ ತಿರುಗುತ್ತದೆ. ಲ್ಯಾಪ್‌ಟಾಪ್ ಆದರೆ ಟಚ್‌ಪ್ಯಾಡ್ ಒತ್ತಲು ಬಾರದಷ್ಟು ಬಿಗಿಯಾಗುತ್ತದೆ. ಇವು ಒಳಗಿನ ಬ್ಯಾಟರಿ ಉಬ್ಬಿದಾಗ ಕಾಣುವ ಗುರುತುಗಳು.

ಲಿಥಿಯಂ ಅಯಾನ್ ಬ್ಯಾಟರಿಯ ಪದರಗಳ ನಡುವಿನ ದ್ರಾವಣ ಒಡೆದು ಅನಿಲವಾಗುತ್ತದೆ. ಪೊಟ್ಟಣದ ಬಾಯಿ ಪೂರ್ತಿ ಮುಚ್ಚಿರುವುದರಿಂದ ಆ ಅನಿಲಕ್ಕೆ ಹೊರದಾರಿಯಿಲ್ಲ. ವರ್ಷಗಟ್ಟಲೆ ಬಳಸಿದ ಬ್ಯಾಟರಿ ಹೀಗಾದರೆ ಅದು ಸವಕಳಿ. ಕೆಲವೇ ತಿಂಗಳಲ್ಲಿ, ಬೀಳದೆ ನೆನೆಯದೆ ಹೀಗಾದರೆ ಮೊದಲು ಅನುಮಾನಿಸಬೇಕಾದದ್ದು ತಯಾರಿಕೆಯನ್ನು, ಇಲ್ಲವೇ ಚಾರ್ಜಿಂಗ್ ವ್ಯವಸ್ಥೆಯನ್ನು. 2016ರಲ್ಲಿ ಸ್ಯಾಮ್ಸಂಗ್ ತನ್ನ ನೋಟ್ 7 ಫೋನನ್ನು ಮಾರುಕಟ್ಟೆಯಿಂದ ಹಿಂಪಡೆಯಬೇಕಾಯಿತು. ಕೆಲವು ಬ್ಯಾಟರಿಗಳ ಒಳಮೂಲೆಯಲ್ಲಿ ಎಲೆಕ್ಟ್ರೋಡ್ ಬಾಗಿತ್ತು ಎಂದು ಕಂಪನಿಯೇ ಮುಂದಿನ ವರ್ಷ ಒಪ್ಪಿಕೊಂಡಿತು. ಬಳಸಿದವರ ತಪ್ಪು ಅಲ್ಲಿರಲಿಲ್ಲ.

ಚಾರ್ಜ್ ಮಾಡುವಾಗ ಫೋನು ಬೆಚ್ಚಗಾಗುವುದು ಸಹಜ. ಸುಮ್ಮನೆ ಇಟ್ಟಾಗಲೂ ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾದರೆ, ಅಥವಾ ರಾಸಾಯನಿಕದ ವಾಸನೆ ಬಂದರೆ, ಅಲ್ಲಿಗೆ ಬಳಕೆ ನಿಲ್ಲಬೇಕು. ಚಾರ್ಜರ್ ತೆಗೆದು, ಫೋನ್ ಆಫ್ ಮಾಡಿ, ಹಾಸಿಗೆ ಕಾಗದಗಳಿಂದ ದೂರ ಟೈಲ್ಸ್ ನೆಲದ ಮೇಲಿಡಿ. ಮೇಲೆದ್ದ ಪರದೆಯನ್ನು ಒತ್ತಿ ಕೂರಿಸುವುದಾಗಲಿ ಸೂಜಿ ಚುಚ್ಚಿ ಗಾಳಿ ತೆಗೆಯುವುದಾಗಲಿ ಬೇಡವೇ ಬೇಡ. ಒಳಗಿನ ಪದರಗಳು ಒಂದಕ್ಕೊಂದು ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಹೊಗೆ ಕಂಡರೆ ಮನೆಯವರೆಲ್ಲ ಹೊರಬಂದು 112ಕ್ಕೆ ಕರೆ ಮಾಡಿ.

ದುಡ್ಡು ವಾಪಸ್ ಪಡೆಯುವ ಪ್ರಯತ್ನ ಹೆಚ್ಚಾಗಿ ಸೋಲುವುದು ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾಸನದ ಒಬ್ಬರು ಆನ್‌ಲೈನಿನಲ್ಲಿ 18,000 ರೂಪಾಯಿಗೆ ಕೊಂಡ ಫೋನು ಐದನೇ ತಿಂಗಳಲ್ಲಿ ಉಬ್ಬಿದೆ. ಕೌಂಟರಿನಲ್ಲಿರುವವರು ಎದ್ದ ಪರದೆ ನೋಡಿ ಜಾಬ್‌ಶೀಟಿನಲ್ಲಿ 'ಫಿಸಿಕಲ್ ಡ್ಯಾಮೇಜ್' ಎಂದು ಬರೆದರೆ ವಾರಂಟಿ ಅಲ್ಲಿಗೇ ಮುಗಿಯಿತು, ಏಕೆಂದರೆ ಬಿದ್ದು ಒಡೆದದ್ದಕ್ಕೆ ವಾರಂಟಿ ಸಿಗುವುದಿಲ್ಲ. ಆದ್ದರಿಂದ ಸಹಿ ಹಾಕುವ ಮುಂಚೆ ಆ ಸಾಲನ್ನು ಓದಿ. 'ಬ್ಯಾಟರಿ ಉಬ್ಬಿ ಪರದೆ ಎದ್ದಿದೆ, ಬಿದ್ದ ಗುರುತಿಲ್ಲ' ಎಂದು ಬರೆಸಿಕೊಳ್ಳಿ. ಒಪ್ಪದಿದ್ದರೆ ಅದೇ ಹಾಳೆಯ ಮೇಲೆ ನಿಮ್ಮ ಆಕ್ಷೇಪ ಬರೆದು ಸಹಿ ಮಾಡಿ ಫೋಟೊ ತೆಗೆದುಕೊಳ್ಳಿ. ಫೋನಿನ ನಾಲ್ಕೂ ಬದಿಯ ಚಿತ್ರ, ಅದು ತಿರುಗುವ ಒಂದು ವಿಡಿಯೊ, ಬಿಲ್ಲು, ಪೆಟ್ಟಿಗೆಯ ಮೇಲಿನ ಐಎಂಇಐ ಸಂಖ್ಯೆ ಇವೆಲ್ಲ ಮೊದಲೇ ಕೈಯಲ್ಲಿರಲಿ.

ಕೊರಿಯರಿನಲ್ಲಿ ಕಳಿಸಿ ಎಂದು ಕಂಪನಿ ಹೇಳಿದರೆ ಒಪ್ಪಬೇಡಿ. ಕೆಟ್ಟ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸುವಂತಿಲ್ಲ. ಬ್ಯಾಟರಿ ಉಬ್ಬಿದೆ ಎಂದು ಇ-ಮೇಲ್‌ನಲ್ಲಿ ತಿಳಿಸಿ, ಅವರೇ ಬಂದು ಒಯ್ಯಲಿ ಎಂದು ಕೇಳಿ.

ವಾರಂಟಿ ಪತ್ರದಲ್ಲಿ ಸಾಮಾನ್ಯವಾಗಿ ಇರುವುದು ರಿಪೇರಿ ಅಥವಾ ಬದಲಿ ಎಂಬ ಮಾತು. ಹಾಗಾಗಿ ಕಂಪನಿ ಬ್ಯಾಟರಿಯಷ್ಟನ್ನು ಬದಲಿಸಿಕೊಡಲು ಮುಂದಾಗುತ್ತದೆ. ಚಾರ್ಜಿಂಗ್ ಸರ್ಕ್ಯೂಟಿನ ದೋಷದಿಂದ ಉಬ್ಬಿದ್ದರೆ ಹೊಸ ಬ್ಯಾಟರಿಯೂ ಉಬ್ಬೀತು, ಹಳೆಯದನ್ನು ಅವರು ಒಯ್ದರೆ ಸಾಕ್ಷ್ಯವೂ ಹೋಯಿತು. ಹಣವೇ ಬೇಕೆಂದಿದ್ದರೆ ಬದಲಿಗೆ ಒಪ್ಪುವ ಮೊದಲೇ ಅದನ್ನು ಬರವಣಿಗೆಯಲ್ಲಿ ಕೇಳಿ. ಹಾಸನದ ಗ್ರಾಹಕರ ಪತ್ರ ಹೀಗಿದ್ದರೆ ಸಾಕು: ಇಂಥ ದಿನ ಕೊಂಡೆ, ಇಂಥ ದಿನ ಉಬ್ಬಿತು, ಜಾಬ್‌ಶೀಟ್ ಸಂಖ್ಯೆ ಇಷ್ಟು, 18,000 ರೂಪಾಯಿ ಹದಿನೈದು ದಿನದೊಳಗೆ ಹಿಂದಿರುಗಿಸಿ. ಇದನ್ನು ಕಂಪನಿಗೂ ಮಾರಿದ ಜಾಲತಾಣದ ದೂರು ಅಧಿಕಾರಿಗೂ ಕಳಿಸಬೇಕು. 2020ರ ಇ-ಕಾಮರ್ಸ್ ನಿಯಮಗಳಂತೆ ಆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದು ಕಂಪನಿಯೊಡನೆ ಮಾತಾಡಿ ಒಪ್ಪಂದಕ್ಕೆ ಯತ್ನಿಸುತ್ತದೆ, ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ. ಆದೇಶ ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿಯ ಕಚೇರಿ ದೆಹಲಿಯಲ್ಲಿದ್ದರೂ 2019ರ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ದೋಷ ಇದೆಯೇ ಎಂಬುದು ಪರೀಕ್ಷೆಯಿಲ್ಲದೆ ತಿಳಿಯದಿದ್ದರೆ ಆಯೋಗ ವಸ್ತುವನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಬಲ್ಲದು. ಪರೀಕ್ಷೆಯ ಶುಲ್ಕವನ್ನು ದೂರುದಾರರೇ ಮೊದಲು ಕಟ್ಟಬೇಕಾಗಬಹುದು. 18,000ದ ಫೋನಿಗೆ ಇದು ಲೆಕ್ಕಹಾಕಬೇಕಾದ ಖರ್ಚು, ಸ್ಪಷ್ಟವಾದ ಜಾಬ್‌ಶೀಟ್ ಇದ್ದರೆ ಅದರ ಅಗತ್ಯ ಬೀಳದೆಯೂ ಇರಬಹುದು. ದೂರು ಸಲ್ಲಿಸಲು ದೋಷ ಕಂಡಂದಿನಿಂದ ಎರಡು ವರ್ಷ ಕಾಲಾವಕಾಶವಿದೆ.