ಗಾಜು ಕತ್ತರಿಸುವ ಮೊದಲು ಮೆಟ್ಟಿಲು ಎಣಿಸಿ

ವೈಟ್‌ಫೀಲ್ಡ್, ವರ್ತೂರು ಕಡೆಯ ಡ್ಯೂಪ್ಲೆಕ್ಸ್ ಮನೆಗಳಲ್ಲಿ ಈಗ ಒಂದು ಬೇಡಿಕೆ ಮತ್ತೆ ಮತ್ತೆ ಕೇಳಿಬರುತ್ತದೆ. ಎರಡು ಅಂತಸ್ತಿನಷ್ಟು ಎತ್ತರದ ಹಾಲ್, ಅದರ ಮೂಲೆಯಲ್ಲಿ ಗಾಳಿಯಲ್ಲಿ ತೇಲಿದಂತಿರುವ ಮರದ ಮೆಟ್ಟಿಲು, ಪಕ್ಕದಲ್ಲಿ ಗಾಜಿನ ತಡೆ. ಮೆಟ್ಟಿಲುಗಳ ನಡುವೆ ಮುಚ್ಚಿಗೆ ಇರುವುದಿಲ್ಲ, ಆಚೆ ಬದಿ ಕಾಣುತ್ತದೆ. ಹಳೆಯ ಮನೆಗಳಲ್ಲಿ ಅಟ್ಟಕ್ಕೆ ಹತ್ತುತ್ತಿದ್ದ ಏಣಿಯೂ ಹೀಗೇ ಇತ್ತಲ್ಲವೇ? ಸಿವಿಲ್ ಡಿಪ್ಲೊಮಾ ಮುಗಿಸಿ ಇಂಟೀರಿಯರ್ ಕಚೇರಿಗೆ ಸೇರಿದ ನಮ್ಮಂಥವರ ಪಾಲಿಗೆ ಬರುವ ಕೆಲಸ, ಈ ಮೆಟ್ಟಿಲನ್ನು ಒಂದು ಹಾಳೆಯಲ್ಲಿ ಮಾತಿನಲ್ಲಿ ಬರೆದುಕೊಡುವುದು. ಹಾಳೆಯ ಒಂದು ಪ್ರತಿ ಮರದ ಆಚಾರಿಗೆ ಹೋಗುತ್ತದೆ. ಇನ್ನೊಂದು ಪೀಣ್ಯದಲ್ಲಿ ಕಬ್ಬಿಣದ ಕೆಲಸ ಮಾಡುವವರಿಗೆ, ಮತ್ತೊಂದು ಗಾಜಿನವರಿಗೆ. ಈ ಮೂವರೂ ಒಬ್ಬರ ಮುಖ ಒಬ್ಬರು ನೋಡದೇ ಇರಬಹುದು. ಹಾಳೆಯಲ್ಲಿ ಲೆಕ್ಕ ತಪ್ಪಿದ್ದರೆ ಅದು ಗೊತ್ತಾಗುವುದು ಮೂರೂ ವಸ್ತುಗಳು ಸೈಟಿಗೆ ಬಂದಿಳಿದ ದಿನವೇ.

ಮೊದಲ ಗೊಂದಲ ನಮ್ಮ ಭಾಷೆಯಲ್ಲೇ ಇದೆ. ‘ಮೆಟ್ಟಿಲು’ ಎಂದರೆ ಕಾಲಿಡುವ ಹಲಗೆಯೂ ಹೌದು, ಒಂದರಿಂದ ಇನ್ನೊಂದಕ್ಕೆ ಏರುವ ಎತ್ತರವೂ ಹೌದು. ಸೈಟಿನಲ್ಲಿ ಮೊದಲನೆಯದಕ್ಕೆ ಟ್ರೆಡ್, ಎರಡನೆಯದಕ್ಕೆ ರೈಸರ್ ಎನ್ನುತ್ತಾರೆ. ಇವೆರಡರ ಸಂಖ್ಯೆ ಎಂದೂ ಸಮ ಇರುವುದಿಲ್ಲ. ಕೊನೆಯ ರೈಸರ್ ಹತ್ತಿದಾಗ ಕಾಲು ಬೀಳುವುದು ಮಹಡಿಯ ನೆಲದ ಮೇಲೆ, ಹಲಗೆಯ ಮೇಲಲ್ಲ. ಹಾಗಾಗಿ ಟ್ರೆಡ್ ಯಾವಾಗಲೂ ಒಂದು ಕಡಿಮೆ. ‘19 ಮೆಟ್ಟಿಲು’ ಎಂದಷ್ಟೇ ಬರೆದರೆ ಆಚಾರಿ 19 ಹಲಗೆ ಕೊಯ್ಯುತ್ತಾರೆ, ಕಬ್ಬಿಣದವರು 19 ಏರು ಲೆಕ್ಕ ಹಾಕುತ್ತಾರೆ.

ಒಂದು ಉದಾಹರಣೆ ಹಿಡಿದು ನೋಡೋಣ. ಕೆಳಗಿನ ನೆಲದಿಂದ ಮಹಡಿಯ ನೆಲಕ್ಕೆ 3,230 ಮಿ.ಮೀ. ಎತ್ತರ ಇದೆ ಎಂದುಕೊಳ್ಳಿ. ಇದನ್ನು 19ರಿಂದ ಭಾಗಿಸಿದರೆ ಒಂದು ರೈಸರ್ ಸರಿಯಾಗಿ 170 ಮಿ.ಮೀ. ಬರುತ್ತದೆ. ವಾಸದ ಮನೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಗರಿಷ್ಠ 190, ಅದರೊಳಗೇ ಇದೆ. ಕಾಲು ಮುಂದಕ್ಕೆ ಹೋಗುವ ದೂರವನ್ನು 280 ಇಟ್ಟುಕೊಂಡರೆ, ಎರಡು ರೈಸರ್ ಮತ್ತು ಒಂದು ಹೆಜ್ಜೆ ಸೇರಿ 620 ಆಗುತ್ತದೆ. ಈ ಮೊತ್ತ ಸುಮಾರು 600ರಿಂದ 640ರೊಳಗೆ ಇದ್ದರೆ ಹತ್ತುವುದು ಹಗುರ. ಮನುಷ್ಯನ ಹೆಜ್ಜೆಯ ಅಳತೆಯಿಂದ ಹುಟ್ಟಿದ ಈ ಲೆಕ್ಕವನ್ನು 17ನೇ ಶತಮಾನದಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ ಬರೆದಿಟ್ಟ. (19 ಬೆಸ ಸಂಖ್ಯೆ, ಮನೆಯ ಹಿರಿಯರಿಗೂ ಒಪ್ಪಿಗೆಯಾಗುತ್ತದೆ. ಹಲಗೆ ಎಣಿಸಿ 18 ಎಂದು ಆಕ್ಷೇಪ ತೆಗೆದರೆ ಮಹಡಿಯ ನೆಲವನ್ನೂ ಸೇರಿಸಿ ಎಣಿಸಲು ಹೇಳಿ!)

ಈ 3,230 ಅಳತೆ ಟೈಲ್ಸ್ ಹಾಕಿ ಮುಗಿದ ನೆಲದಿಂದ ನೆಲಕ್ಕೆ ಎಂದು ಹಾಳೆಯಲ್ಲಿ ಬರೆಯಲೇಬೇಕು. ಬರೆಯದಿದ್ದರೆ ಕಬ್ಬಿಣದವರು ಬರಿ ಕಾಂಕ್ರೀಟಿನಿಂದ ಅಳೆದು ತೊಲೆ ಕೂರಿಸುತ್ತಾರೆ. ಆಮೇಲೆ ಎರಡೂ ಕಡೆ 50 ಮಿ.ಮೀ. ದಪ್ಪದ ನೆಲಹಾಸು ಬಂದರೆ ಮೊದಲ ರೈಸರ್ 120ಕ್ಕೆ ಇಳಿಯುತ್ತದೆ, ಕೊನೆಯದು 220ಕ್ಕೆ ಏರುತ್ತದೆ. ನಡುವಿನ 17 ಸರಿಯಾಗಿಯೇ ಇರುತ್ತವೆ. ಎಡವುವುದಂತೂ ಗ್ಯಾರಂಟಿ, ಏಕೆಂದರೆ ಕಾಲು ಒಂದು ಲಯ ಕಲಿತಿರುತ್ತದೆ.

ಈಗ ಆಕಾರಕ್ಕೆ ಬರೋಣ. ಮೆಟ್ಟಿಲು ಒಂದು ಗೋಡೆಯ ಗುಂಟ ಏರಿ, ಮೂಲೆಯ ಲ್ಯಾಂಡಿಂಗ್‌ನಲ್ಲಿ ಬಲಕ್ಕೆ ತಿರುಗಿ, ಎರಡನೇ ಗೋಡೆಯ ಗುಂಟ ಮಹಡಿ ಸೇರುತ್ತದೆ. ‘ಬಲಕ್ಕೆ’ ಎಂದರೆ ಕೆಳಗೆ ನಿಂತು ಮೇಲಕ್ಕೆ ಹತ್ತುವವನ ಬಲ, ಇದನ್ನೂ ಬರೆಯಿರಿ. ಮೊದಲ ಸಾಲಿಗೆ 10 ರೈಸರ್ ಕೊಟ್ಟರೆ ಲ್ಯಾಂಡಿಂಗ್ 1,700 ಎತ್ತರದಲ್ಲಿ ಬರುತ್ತದೆ. ಎರಡನೇ ಸಾಲಿಗೆ ಉಳಿದ 9. ಹಲಗೆಗಳು ಕ್ರಮವಾಗಿ 9 ಮತ್ತು 8, ಲ್ಯಾಂಡಿಂಗ್ ಒಂದು, ಒಟ್ಟು 18. ಲ್ಯಾಂಡಿಂಗ್ ಕೆಳಗೆ ಸೋಫಾ ಹಿಂದಿನ ಓಡಾಟದ ದಾರಿ ಬರೆದುಬಿಡುವವರಿದ್ದಾರೆ. ಅಂಥ ದಾರಿಗೆ ಸಂಹಿತೆ ಕೇಳುವ ತಲೆಯೆತ್ತರ 2.2 ಮೀಟರ್. 1,700ರಲ್ಲಿ ಹಲಗೆ, ತೊಲೆ ಕಳೆದರೆ ಅಲ್ಲಿ ಕುಂಡ ಇಡಬಹುದು, ನಡೆಯುವಂತಿಲ್ಲ.

ಲೆಕ್ಕ ನಿಜವಾಗಿ ಸಿಕ್ಕಿಬೀಳುವುದು ಲ್ಯಾಂಡಿಂಗ್‌ನಲ್ಲಿ. ಮೊದಲ ಸಾಲಿನ ಉದ್ದ 9 ಗುಣಿಸು 280, ಅಂದರೆ 2,520. ಎರಡನೆಯದು 2,240. ಮೆಟ್ಟಿಲಿನ ಅಗಲ 1,000 ಇರುವುದರಿಂದ ಲ್ಯಾಂಡಿಂಗ್ ಕೂಡ 1,000ದ ಚೌಕ ಎಂದು ಕೈ ತಾನಾಗಿ ಬರೆದುಬಿಡುತ್ತದೆ. ಆಗ ಎರಡನೇ ಗೋಡೆಯ ಗುಂಟ ಮೂಲೆಯಿಂದ 3,240ಕ್ಕೆ ಮೆಟ್ಟಿಲು ಮುಗಿಯುತ್ತದೆ. ಮಹಡಿಯ ಸ್ಲ್ಯಾಬಿನ ಅಂಚು ಇರುವುದು ಮೂಲೆಯಿಂದ 3,520ರಲ್ಲಿ ಎಂದುಕೊಳ್ಳಿ. ಕೊನೆಯ ಹಲಗೆಗೂ ಮಹಡಿಗೂ ನಡುವೆ 280 ಮಿ.ಮೀ. ಖಾಲಿ! ಡಬಲ್ ಹೈಟ್ ಹಾಲ್‌ನಲ್ಲಿ ಮೇಲೆ ಛಾವಣಿ ಅಡ್ಡ ಬರದ ಕಾರಣ ತಲೆ ತಾಗುವ ಭಯವಿಲ್ಲ, ಆದರೆ ಸ್ಲ್ಯಾಬಿನ ಅಂಚಿಗೆ ಸರಿಯಾಗಿ ತಲುಪದಿದ್ದರೆ ಮೆಟ್ಟಿಲು ಗಾಳಿಯಲ್ಲೇ ಮುಗಿದುಹೋಗುತ್ತದೆ.

ಇಲ್ಲೇ ಇನ್ನೊಂದು ತೊಂದರೆಯೂ ಅಡಗಿದೆ. ಚೌಕ ಲ್ಯಾಂಡಿಂಗ್‌ನಲ್ಲಿ ಮೊದಲ ಸಾಲಿನ ಕೊನೆಯ ರೈಸರ್ ಮತ್ತು ಎರಡನೇ ಸಾಲಿನ ಮೊದಲ ರೈಸರ್ ಒಳಮೂಲೆಯ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಕೈಪಿಡಿ ಮೆಟ್ಟಿಲಿನ ಅಂಚಿನಿಂದ 1 ಮೀಟರ್ ಎತ್ತರದಲ್ಲಿ ಸಾಗುವುದಾದರೆ, ಮೊದಲ ಸಾಲಿನದು ಆ ಮೂಲೆಗೆ 2,700ರಲ್ಲಿ ಬಂದು ನಿಲ್ಲುತ್ತದೆ. ಎರಡನೆಯದು ಅಲ್ಲೇ 2,870ರಲ್ಲಿ ಶುರುವಾಗುತ್ತದೆ. ಎರಡು ಗಾಜಿನ ತಲೆಗಳ ನಡುವೆ ಒಂದು ಪೂರ್ತಿ ರೈಸರಿನಷ್ಟು ಜಿಗಿತ. ಮರದ ಕಂಬಿಯ ತಡೆಯಾದರೆ ಮೂಲೆಯ ಕಂಬ ಇದನ್ನು ಮುಚ್ಚಿಕೊಳ್ಳುತ್ತಿತ್ತು. ಗಾಜಿನಲ್ಲಿ ಎಲ್ಲವೂ ಬಯಲು.

ಎರಡಕ್ಕೂ ಮದ್ದು ಒಂದೇ. ಎರಡನೇ ಸಾಲಿನ ಆರಂಭವನ್ನು ಒಂದು ಹೆಜ್ಜೆ, ಅಂದರೆ 280 ಮಿ.ಮೀ., ಹಿಂದಕ್ಕೆ ತಳ್ಳಿ ಲ್ಯಾಂಡಿಂಗ್ ಅನ್ನು 1,000 ಗುಣಿಸು 1,280 ಮಾಡಿ. ಆಗ ಎರಡನೇ ಸಾಲಿನ ಇಳಿಜಾರು ಒಳಮೂಲೆಗೆ ಬರುವಷ್ಟರಲ್ಲಿ 170 ಇಳಿದು 2,700ಕ್ಕೆ ಸೇರುತ್ತದೆ, ಕೈಪಿಡಿ ಮುರಿಯದೆ ತಿರುಗುತ್ತದೆ. 1,280ಕ್ಕೆ 2,240 ಕೂಡಿಸಿದರೆ 3,520, ಸ್ಲ್ಯಾಬೂ ಸಿಕ್ಕಿತು. ಎಲ್ಲ ಮನೆಯಲ್ಲೂ ಅಂಚು ಹೀಗೆ ಹೊಂದುವುದಿಲ್ಲ. ಹೊಂದದಿದ್ದರೆ ಹೆಜ್ಜೆಯ ಅಳತೆಯನ್ನು ಎಲ್ಲ ಹಲಗೆಗೂ ಒಂದೇ ಸಮನಾಗಿ ಬದಲಿಸಬೇಕು. ಒಂದೇ ಹಲಗೆಯನ್ನು ಅಗಲ ಮಾಡಿ ತೇಪೆ ಹಾಕುವಂತಿಲ್ಲ.

ಮರದ ಹಲಗೆಯ ಅಗಲ ಮಾತ್ರ 280 ಅಲ್ಲ, 300. ಹಿಂದೆ ಮುಚ್ಚಿಗೆ ಇಲ್ಲದ ಕಾರಣ ಮೇಲಿನ ಹಲಗೆ ಕೆಳಗಿನದರ ಮೇಲೆ 20 ಮಿ.ಮೀ. ಚಾಚಿಕೊಂಡಿರಬೇಕು. ಎರಡೂ ಅಂಕಿ ಹಾಳೆಯಲ್ಲಿ ಬೇರೆ ಬೇರೆ ಹೆಸರಿನಲ್ಲಿ ಇರದಿದ್ದರೆ ಯಾರೋ 9 ಗುಣಿಸು 300 ಮಾಡಿ ಮೊದಲ ಸಾಲನ್ನು 180 ಮಿ.ಮೀ. ಉದ್ದ ಮಾಡುತ್ತಾರೆ. ಹಲಗೆಯ ದಪ್ಪ 50 ಆದರೆ ನಡುವಿನ ಸಂದು 120. ಪುಟ್ಟ ಮಕ್ಕಳಿರುವ ಮನೆಗೆ ಇದು ಹೆಚ್ಚು. 100 ಮಿ.ಮೀ.ನ ಗೋಲ ತೂರಬಾರದು ಎನ್ನುತ್ತದೆ ಬ್ರಿಟನ್ನಿನ ನಿಯಮ. ಹಲಗೆಯ ಹಿಂಬದಿ ಕೆಳಗೆ 25 ಮಿ.ಮೀ. ಪಟ್ಟಿ ಕೊಟ್ಟರೆ ಸಂದು 95ಕ್ಕೆ ಇಳಿಯುತ್ತದೆ, ದೂರದಿಂದ ಕಾಣುವುದೂ ಇಲ್ಲ.

‘ತೇಲುವ ಮೆಟ್ಟಿಲು’ ಎಂಬ ಪದ ಮನೆಯವರ ಮುಂದೆ ಚೆಂದ, ಹಾಳೆಯಲ್ಲಿ ಅಪಾಯ. ಹಲಗೆಯನ್ನು ಹಿಡಿದಿರುವುದು ಏನು? ಗೋಡೆಯಿಂದ ಚಾಚಿಸುವುದಾದರೆ ಕಾಂಕ್ರೀಟ್ ಗೋಡೆಯೋ ಒಳಗೆ ಅಡಗಿದ ಉಕ್ಕಿನ ಚೌಕಟ್ಟೋ ಬೇಕು, ಬರೀ ಬ್ಲಾಕ್ ಗೋಡೆ ಸಾಲದು. ನಮ್ಮ ಉದಾಹರಣೆಯಲ್ಲಿ ನಡುವೆ ಒಂದು ಉಕ್ಕಿನ ಬಾಕ್ಸ್ ತೊಲೆ, ಅದರ ಮೇಲೆ ತಟ್ಟೆ, ತಟ್ಟೆಗೆ ಹಲಗೆ. ತೊಲೆಯ ಗಾತ್ರ ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು. ಗಾಜು ತೆರೆದ ಬದಿಗೆ ಮಾತ್ರ, ಹಲಗೆಯ ತುದಿಗೆ ಬೋಲ್ಟಿನಿಂದ ಕೂರುತ್ತದೆ. ಅದು ಹಲಗೆಯನ್ನು ಹೊರುವುದಿಲ್ಲ, ಹಲಗೆಯೇ ಅದನ್ನು ಹೊರುತ್ತದೆ. ಮಹಡಿ ಮುಟ್ಟಿದ ಮೇಲೂ ಗಾಜು ನಿಲ್ಲದೆ, ಹಾಲ್ ಕಡೆಗೆ ತೆರೆದ ಸ್ಲ್ಯಾಬಿನ ಅಂಚಿನುದ್ದಕ್ಕೂ ಸಾಗಬೇಕು.

ಇಳಿಜಾರಿನ ಗಾಜು ಆಯತವಲ್ಲ, ಸುಮಾರು 31 ಡಿಗ್ರಿ ವಾಲಿದ ಸಮಾಂತರ ಚತುರ್ಭುಜ. ಟಫನ್ಡ್ ಗಾಜನ್ನು ಒಮ್ಮೆ ಕಾಯಿಸಿ ಹದಗೊಳಿಸಿದ ಮೇಲೆ ಕತ್ತರಿಸಲೂ ಆಗದು, ತೂತು ಕೊರೆಯಲೂ ಆಗದು, ಪ್ರಯತ್ನಿಸಿದರೆ ಇಡೀ ಹಲಗೆ ಚೂರುಚೂರಾಗುತ್ತದೆ. ಆದ್ದರಿಂದ ತೊಲೆ, ಹಲಗೆ ಕೂತ ನಂತರ ಸೈಟಿನಲ್ಲೇ ತೆಳು ಪ್ಲೈವುಡ್ ಇಟ್ಟು ಗೆರೆ ಎಳೆದು, ಬೋಲ್ಟ್ ತೂತು ಗುರುತಿಸಿ, ಯಾವ ಮುಖ ಹಾಲ್ ಕಡೆಗೆ ಎಂದು ಅದರ ಮೇಲೇ ಬರೆದು ಗಾಜಿನವರಿಗೆ ಕಳಿಸುತ್ತಾರೆ. ಹಾಳೆಯ ಕೊನೆಯ ಸಾಲು ಹೀಗಿರಲಿ: ‘ಗಾಜಿನ ಅಳತೆ ಈ ಹಾಳೆಯಿಂದ ತೆಗೆದುಕೊಳ್ಳಬಾರದು, ಕೂರಿಸಿದ ಮೆಟ್ಟಿಲಿನಿಂದಲೇ ತೆಗೆದುಕೊಳ್ಳಬೇಕು.’