ಏಕಮಾರ್ಗ ವಿಚಲನೆ ವಿಶ್ಲೇಷಣೆ

ಏಕಮಾರ್ಗ ವಿಚಲನೆ ವಿಶ್ಲೇಷಣೆಯು ಮೂರು ಅಥವಾ ಹೆಚ್ಚು ಗುಂಪುಗಳ ಸರಾಸರಿಗಳ ನಡುವೆ ಕಾಣುವ ಅಂತರ ನಿಜವಾದದ್ದೋ ಆಕಸ್ಮಿಕವೋ ಎಂಬುದನ್ನು ಪರೀಕ್ಷಿಸುವ ಸಂಖ್ಯಾಶಾಸ್ತ್ರೀಯ ವಿಧಾನ. ಸಂಶೋಧನಾ ವಿದ್ಯಾರ್ಥಿಗಳಲ್ಲಿ ಇದು ‘ಒನ್-ವೇ ಅನೋವಾ’ ಎಂದೇ ಪರಿಚಿತ. ಗುಂಪುಗಳನ್ನು ಒಂದೇ ಅಂಶದ ಆಧಾರದ ಮೇಲೆ, ಉದಾಹರಣೆಗೆ ಬೆಳೆಯ ತಳಿಯ ಮೇಲೆ, ವಿಂಗಡಿಸುವುದರಿಂದ ‘ಏಕಮಾರ್ಗ’ ಎಂಬ ಹೆಸರು ಬಂದಿದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರವನ್ನು 1919ರಲ್ಲಿ ಸೇರಿದ ರೊನಾಲ್ಡ್ ಫಿಷರ್ ಈ ವಿಧಾನವನ್ನು ರೂಪಿಸಿದರು. ಹೀಗಾಗಿ ಇದು ಹುಟ್ಟಿದ್ದೇ ಹೊಲದ ಲೆಕ್ಕದಿಂದ.

== ಸಮಸ್ಯೆಯ ಸ್ವರೂಪ ==

ಕರ್ನಾಟಕದಲ್ಲಿ ರಾಗಿ ತಳಿಗಳ ಸುಧಾರಣೆಗೆ ದೀರ್ಘ ಇತಿಹಾಸವಿದೆ. ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ಲಕ್ಷ್ಮಣಯ್ಯನವರು ರೂಪಿಸಿದ ‘ಇಂಡಾಫ್’ ತಳಿಗಳು ಪ್ರಸಿದ್ಧವಾಗಿವೆ. ಹೊಸ ತಳಿಯೊಂದು ಹಳೆಯದಕ್ಕಿಂತ ಹೆಚ್ಚು ಇಳುವರಿ ಕೊಟ್ಟಿತೆಂದರೆ ಅದು ತಳಿಯ ಗುಣವೋ, ಆ ತಾಕಿನ ಮಣ್ಣಿನ ಗುಣವೋ ಎಂಬ ಪ್ರಶ್ನೆ ಏಳುತ್ತದೆ. ಒಂದೇ ತಳಿಯನ್ನು ನಾಲ್ಕು ತಾಕುಗಳಲ್ಲಿ ಬಿತ್ತಿದರೂ ನಾಲ್ಕು ಬಗೆಯ ಇಳುವರಿ ಬರುತ್ತದೆ. ತಳಿಯೊಳಗಿನ ಈ ಏರುಪೇರೇ ಇಲ್ಲಿ ಅಳತೆಗೋಲು. ತಳಿಗಳ ನಡುವಿನ ಅಂತರವು ಈ ಅಳತೆಗೋಲಿಗಿಂತ ಸಾಕಷ್ಟು ದೊಡ್ಡದಾಗಿದ್ದರೆ ಮಾತ್ರ ಅದನ್ನು ತಳಿಯ ಗುಣವೆಂದು ಒಪ್ಪಬಹುದು.

== ಉದಾಹರಣೆ ==

ಲೆಕ್ಕವನ್ನು ತೋರಿಸಲು ಇಲ್ಲಿ ಕಲ್ಪಿತ ಅಂಕಿಗಳನ್ನು ಬಳಸಲಾಗಿದೆ. ಸಮಾನ ಅಳತೆಯ ಹನ್ನೆರಡು ತಾಕುಗಳಿಗೆ ಮೂರು ರಾಗಿ ತಳಿಗಳನ್ನು ಚೀಟಿ ಎತ್ತಿ ಹಂಚಲಾಗಿದೆ. ಇಳುವರಿ ಕಿಲೋಗ್ರಾಂಗಳಲ್ಲಿದೆ.

ತಳಿ ಅ: 12, 14, 13, 13 (ಸರಾಸರಿ 13)
ತಳಿ ಆ: 10, 11, 12, 11 (ಸರಾಸರಿ 11)
ತಳಿ ಇ: 13, 12, 11, 12 (ಸರಾಸರಿ 12)

ಒಟ್ಟು ಸರಾಸರಿ 12. ಮೊದಲು ಪ್ರತಿ ತಳಿಯ ಸರಾಸರಿಯು ಒಟ್ಟು ಸರಾಸರಿಯಿಂದ ಎಷ್ಟು ದೂರವಿದೆ ಎಂದು ನೋಡಬೇಕು. ಆ ಅಂತರಗಳು 1, −1 ಮತ್ತು 0. ಇವುಗಳ ವರ್ಗಗಳನ್ನು ಕೂಡಿ, ಪ್ರತಿ ತಳಿಗೆ ನಾಲ್ಕು ತಾಕುಗಳಿರುವುದರಿಂದ 4ರಿಂದ ಗುಣಿಸಿದರೆ 8 ಬರುತ್ತದೆ. ಇದು ತಳಿಗಳ ನಡುವಿನ ವರ್ಗಗಳ ಮೊತ್ತ. ಬಳಿಕ ಪ್ರತಿ ತಾಕಿನ ಇಳುವರಿಯು ತನ್ನದೇ ತಳಿಯ ಸರಾಸರಿಯಿಂದ ಎಷ್ಟು ದೂರವಿದೆ ಎಂದು ನೋಡಿ ವರ್ಗಗಳನ್ನು ಕೂಡಬೇಕು. ಪ್ರತಿ ತಳಿಗೂ 2ರಂತೆ ಒಟ್ಟು 6 ಬರುತ್ತದೆ. ಇದು ತಳಿಗಳೊಳಗಿನ ಮೊತ್ತ.

ಎರಡು ಮೊತ್ತಗಳನ್ನು ನೇರವಾಗಿ ಹೋಲಿಸುವಂತಿಲ್ಲ, ಏಕೆಂದರೆ ಮೊದಲನೆಯದು ಮೂರೇ ಸರಾಸರಿಗಳಿಂದ ಬಂದದ್ದು, ಎರಡನೆಯದು ಹನ್ನೆರಡು ತಾಕುಗಳಿಂದ. ಆದ್ದರಿಂದ ಪ್ರತಿಯೊಂದನ್ನೂ ಅದರ ‘ಡಿಗ್ರೀಸ್ ಆಫ್ ಫ್ರೀಡಂ’ನಿಂದ ಭಾಗಿಸಬೇಕು. ಮೂರು ತಳಿಗಳಿಗೆ ಅದು 3 − 1 = 2; ತಾಕುಗಳಿಗೆ 12 − 3 = 9.

F = (8 ÷ 2) ÷ (6 ÷ 9) = 4 ÷ 0.667 = 6

ಕೋಷ್ಟಕದಲ್ಲಿ 2 ಮತ್ತು 9ಕ್ಕೆ ಶೇ. 5ರ ಮಟ್ಟದ ಬೆಲೆ 4.26, ಶೇ. 1ರ ಮಟ್ಟದ್ದು 8.02. ದೊರೆತ 6 ಇವೆರಡರ ನಡುವೆ ಇದೆ. ಅಂದರೆ ತಳಿಗಳು ಸಮಾನವೆಂಬ ಶೂನ್ಯ ಕಲ್ಪನೆಯನ್ನು ಶೇ. 5ರ ಮಟ್ಟದಲ್ಲಿ ತಿರಸ್ಕರಿಸಬಹುದು, ಶೇ. 1ರ ಮಟ್ಟದಲ್ಲಿ ಆಗದು.

ಸರಾಸರಿಗಳು ಹೀಗೆಯೇ ಉಳಿದು ತಾಕುಗಳ ಏರುಪೇರು ಮಾತ್ರ ಹೆಚ್ಚಾದರೆ ನಿರ್ಣಯವೇ ತಲೆಕೆಳಗಾಗುತ್ತದೆ. ತಳಿ ‘ಅ’ದ ಇಳುವರಿ 10, 16, 13, 13 ಎಂದಿದ್ದು ಉಳಿದೆರಡೂ ಅಷ್ಟೇ ಹರಡಿಕೊಂಡಿದ್ದರೆ ಒಳಗಿನ ಮೊತ್ತ 54 ಆಗಿ, F ಕೇವಲ 0.67ಕ್ಕೆ ಇಳಿಯುತ್ತದೆ. ಸರಾಸರಿಗಳನ್ನಷ್ಟೇ ನೋಡಿ ‘ಅ’ ತಳಿಯನ್ನು ರೈತರಿಗೆ ಶಿಫಾರಸು ಮಾಡುವುದು ಏಕೆ ಅಪಾಯಕರ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

== ಯಾವ ತಳಿ ಉತ್ತಮ? ==

F ಪರೀಕ್ಷೆಯು ಎಲ್ಲೋ ಒಂದು ಕಡೆ ವ್ಯತ್ಯಾಸವಿದೆ ಎಂದಷ್ಟೇ ಹೇಳುತ್ತದೆ. ಯಾವ ತಳಿ ಯಾವುದಕ್ಕಿಂತ ಮೇಲು ಎಂದು ತಿಳಿಯಲು ಭಾರತದ ಕೃಷಿ ಪ್ರಬಂಧಗಳಲ್ಲಿ ‘ಸಿ.ಡಿ.’ ಎಂದು ನಮೂದಿಸುವ ನಿರ್ಣಾಯಕ ಅಂತರವನ್ನು ಲೆಕ್ಕ ಹಾಕುತ್ತಾರೆ. ಇಲ್ಲಿ ಅದು 2.262 × √(2 × 0.667 ÷ 4), ಅಂದರೆ ಸುಮಾರು 1.31. ‘ಅ’ ಮತ್ತು ‘ಆ’ ತಳಿಗಳ ಅಂತರ 2 ಆಗಿರುವುದರಿಂದ ಅದು ಗಣನೀಯ. ‘ಇ’ ತಳಿಯು ಎರಡರಿಂದಲೂ 1 ಕಿಲೋ ಮಾತ್ರ ದೂರವಿರುವುದರಿಂದ ಅದು ಯಾವುದಕ್ಕೂ ಭಿನ್ನವೆಂದು ಸಾಬೀತಾಗುವುದಿಲ್ಲ, ಸಮಾನವೆಂದೂ ಸಾಬೀತಾಗುವುದಿಲ್ಲ. F ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣದಿದ್ದಾಗ ಸಿ.ಡಿ. ಹಾಕಿ ಜೋಡಿಗಳನ್ನು ಹುಡುಕುವುದು ತಪ್ಪು. ತಳಿಗಳು ಹೆಚ್ಚಾದಂತೆ ಜೋಡಿಗಳೂ ಹೆಚ್ಚಿ, ಯಾವುದೋ ಒಂದು ಆಕಸ್ಮಿಕವಾಗಿ ಗೆಲ್ಲುವ ಸಂಭವ ಬೆಳೆಯುತ್ತದೆ.

== ಮಿತಿಗಳು ==

ತಾಕುಗಳ ಇಳುವರಿಗಳು ಪರಸ್ಪರ ಸ್ವತಂತ್ರವಾಗಿರಬೇಕು, ಗುಂಪುಗಳೊಳಗಿನ ಏರುಪೇರು ಹೆಚ್ಚುಕಡಿಮೆ ಒಂದೇ ಆಗಿರಬೇಕು. ಒಂದೇ ತಾಕಿನಿಂದ ನಾಲ್ಕು ಬಾರಿ ತೆನೆ ಕೊಯ್ದು ತೂಗಿ ಅದನ್ನು ನಾಲ್ಕು ಪುನರಾವರ್ತನೆ ಎಂದು ಬರೆಯುವುದು ವಿದ್ಯಾರ್ಥಿಗಳು ಮಾಡುವ ಗಂಭೀರ ತಪ್ಪು. ಒಂದೇ ಮಣ್ಣಿನ ತೂಕಗಳು ಪರಸ್ಪರ ಹತ್ತಿರವಿರುವುದರಿಂದ ಒಳಗಿನ ಏರುಪೇರು ಕೃತಕವಾಗಿ ಕುಗ್ಗಿ, F ಹುಸಿಯಾಗಿ ಹಿಗ್ಗುತ್ತದೆ.

ಹೊಲ ಇಳಿಜಾರಾಗಿದ್ದು ಕೆಳಗಿನ ಬದುವಿನ ಕಡೆ ತೇವ ಹೆಚ್ಚಾಗಿದ್ದರೆ ಚೀಟಿ ಎತ್ತುವುದೊಂದೇ ಸಾಲದು. ಆಗ ಇಳಿಜಾರಿಗೆ ಅಡ್ಡವಾಗಿ ಪಟ್ಟಿಗಳನ್ನು ಗುರುತಿಸಿ, ಪ್ರತಿ ಪಟ್ಟಿಯಲ್ಲೂ ಎಲ್ಲ ತಳಿಗಳನ್ನು ಬಿತ್ತಬೇಕು. ಅಂಥ ಪ್ರಯೋಗದ ವಿಶ್ಲೇಷಣೆಯಲ್ಲಿ ಪಟ್ಟಿಯೂ ಒಂದು ಅಂಶವಾಗುವುದರಿಂದ ಅದು ಏಕಮಾರ್ಗವಾಗಿ ಉಳಿಯುವುದಿಲ್ಲ.